ಬಾರ್ಥೊಲಿನ್ ಬಾವು: ಕೊಯ್ದು ಕೀವು ತೆಗೆದರೂ ಮತ್ತೆ ಯಾಕೆ ತುಂಬುತ್ತದೆ?

ಪ್ರಶ್ನೆ: ಡಾಕ್ಟರೇ, ನನಗೆ 32 ವರ್ಷ, ಒಂದು ಮಗು ಇದೆ. ಯೋನಿದ್ವಾರದ ಎಡಗಡೆ ಬಾವು ಬಂದು ಕೂರಲಿಕ್ಕೂ ಆಗದೆ, ಫೆಬ್ರವರಿಯಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಕೊಯ್ದು ಕೀವು ತೆಗೆಸಿಕೊಂಡೆ. ಈಗ ಅದೇ ಜಾಗದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು ಗಂಟು ಇದೆ, ನೋವಿಲ್ಲ. ಬಾರ್ಥೊಲಿನ್ ಸಿಸ್ಟ್ ಅಂದರು. ಒಬ್ಬ ಡಾಕ್ಟರು ಗ್ರಂಥಿಯನ್ನೇ ತೆಗೆಸಿಬಿಡಿ ಅಂತಾರೆ, ಇನ್ನೊಬ್ಬರು ಮಾರ್ಸುಪಿಯಲೈಸೇಷನ್ ಸಾಕು ಅಂತಾರೆ. ಅತ್ತೆ ಉಷ್ಣ ಅಂತಾರೆ. ನನ್ನ ಗಂಡನಿಗೆ ಇದು ಲೈಂಗಿಕ ರೋಗವೇನೋ ಅಂತ ಅನುಮಾನ. ಯಾಕೆ ಮತ್ತೆ ಮತ್ತೆ ಬರುತ್ತಿದೆ? ಏನು ಮಾಡಿಸಲಿ?

ಉತ್ತರ: ಎರಡು ಸಲವೂ ನಿಮಗೆ ಆಗಿದ್ದು ಕೀವು ಖಾಲಿ ಮಾಡುವ ಕೆಲಸ ಮಾತ್ರ. ಆ ಹೊತ್ತಿನ ನೋವಿಗೆ ಅದು ಬೇಕೇ ಬೇಕಿತ್ತು, ಮಾಡಿದವರದು ತಪ್ಪಲ್ಲ. ಆದರೆ ಬಾವು ಹುಟ್ಟಲು ಕಾರಣವಾದ ಅಡಚಣೆ ಇದ್ದ ಹಾಗೇ ಉಳಿದುಕೊಂಡಿದೆ. ಅದು ಎಲ್ಲಿದೆ ಎಂದು ತಿಳಿದರೆ ಮುಂದೆ ಏನು ಮಾಡಿಸಬೇಕು ಎನ್ನುವುದನ್ನು ನೀವೇ ಅರ್ಧ ತೀರ್ಮಾನ ಮಾಡಬಹುದು.

ಯೋನಿದ್ವಾರದ ಹಿಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿಗಳಿವೆ. 1677ರಲ್ಲಿ ಇವನ್ನು ವಿವರಿಸಿದ ಡೆನ್ಮಾರ್ಕಿನ ಕ್ಯಾಸ್ಪರ್ ಬಾರ್ಥೊಲಿನ್ ಅವರ ಹೆಸರೇ ಇವಕ್ಕೆ ಉಳಿದಿದೆ. ಆರೋಗ್ಯವಾಗಿರುವಾಗ ಇವು ಕೈಗೆ ಸಿಗುವುದಿಲ್ಲ, ಇವೆ ಎಂದು ಗೊತ್ತೂ ಆಗುವುದಿಲ್ಲ. ಸ್ವಲ್ಪ ಲೋಳೆ ತಯಾರಿಸಿ ಯೋನಿದ್ವಾರವನ್ನು ತೇವವಾಗಿಡುವುದು ಇವುಗಳ ಕೆಲಸ. ಆ ಲೋಳೆ ಸುಮಾರು 2 ರಿಂದ 2.5 ಸೆಂಟಿಮೀಟರ್ ಉದ್ದದ ಸಣ್ಣ ನಾಳದಲ್ಲಿ ಹರಿದು, ಒಳತುಟಿಗೂ ಕನ್ಯಾಪೊರೆಗೂ ನಡುವಿನ ತೋಡಿನಲ್ಲಿ ಹೊರಬರುತ್ತದೆ. ಯೋನಿದ್ವಾರವನ್ನು ಗಡಿಯಾರದ ಮುಖವೆಂದುಕೊಂಡರೆ ಆ ಬಾಯಿಗಳು ಸರಿಸುಮಾರು 4 ಮತ್ತು 8 ಗಂಟೆಯ ಜಾಗದಲ್ಲಿರುತ್ತವೆ. ನಮ್ಮ ಕೇಸ್ ಶೀಟುಗಳಲ್ಲಿ ಗಂಟೆಯ ಲೆಕ್ಕದಲ್ಲೇ ಬರೆಯುತ್ತೇವೆ. ನಿಮ್ಮ ಹಳೆಯ ಚೀಟಿಯಲ್ಲೂ ಹಾಗೆ ಬರೆದಿದ್ದರೆ ಗಾಬರಿಯಾಗಬೇಡಿ.

ತೊಂದರೆ ಶುರುವಾಗುವುದು ಈ ನಾಳದ ಬಾಯಿಯಲ್ಲಿ. ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು, ಉರಿಯೂತದಿಂದ ಬಾಯಿ ಊದಿ ಮುಚ್ಚಬಹುದು, ಹೆರಿಗೆಯಲ್ಲಿ ಹಾಕಿದ ಕೊಯ್ತ ಅಥವಾ ಹರಿದ ಗಾಯದ ಕಲೆ ಬಾಯಿಯನ್ನು ಬಿಗಿಯಬಹುದು. ಬಹಳಷ್ಟು ಮಂದಿಯಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹೊರದಾರಿ ಮುಚ್ಚಿದರೂ ಗ್ರಂಥಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಲೋಳೆ ನಾಳದಲ್ಲೇ ಸೇರುತ್ತಾ ಸೇರುತ್ತಾ ನಾಳ ಹಿಗ್ಗಿ ಚೀಲವಾಗುತ್ತದೆ. ಅದೇ ಸಿಸ್ಟ್. ಊದಿರುವುದು ನಾಳ, ಗ್ರಂಥಿಯಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಗ್ರಂಥಿಯನ್ನೇ ತೆಗೆಸಬೇಕೇ ಎಂಬ ನಿಮ್ಮ ಪ್ರಶ್ನೆಗೆ ಬಂದಾಗ ಇದೇ ಆಧಾರ.

ಸಿಸ್ಟ್ ಇದ್ದಷ್ಟಕ್ಕೇ ನೋವಾಗುವುದಿಲ್ಲ. ಎಷ್ಟೋ ಹೆಂಗಸರಿಗೆ 1 ರಿಂದ 3 ಸೆಂಟಿಮೀಟರ್ ಗಂಟು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ, ಬೇರೆ ಯಾವುದಕ್ಕೋ ಪರೀಕ್ಷೆ ಮಾಡುವಾಗ ನಮ್ಮ ಕಣ್ಣಿಗೆ ಬೀಳುತ್ತದೆ. ಅಂಥದ್ದನ್ನು ನಾವು ಮುಟ್ಟುವುದಿಲ್ಲ. ನಿಂತ ಲೋಳೆಯೊಳಗೆ ಬ್ಯಾಕ್ಟೀರಿಯಾ ಸೇರಿದಾಗ ಕಥೆ ಬೇರೆ. ಎರಡು ಮೂರು ದಿನದಲ್ಲಿ ಗಂಟು ಕೆಂಪಾಗಿ, ಬಿಸಿಯಾಗಿ, ಬಿಗಿಯಾಗಿ, ನಡೆಯಲು, ಕೂರಲು, ಮೂತ್ರಕ್ಕೆ ಹೋಗಲು ಕೂಡ ಹಿಂಸೆಯಾಗುತ್ತದೆ. ಜ್ವರ ಎಲ್ಲರಿಗೂ ಬರುವುದಿಲ್ಲ. ಆದ್ದರಿಂದ ಜ್ವರವಿಲ್ಲ, ಹಾಗಾಗಿ ಕೀವಿಲ್ಲ ಎಂದು ಮನೆಯಲ್ಲಿ ಕೂರುವುದು ಸರಿಯಲ್ಲ. ನಿಮಗೆ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಬಂದಿದ್ದು ಇದು. ಈಗ ಇರುವುದು ಮತ್ತೆ ತುಂಬಿದ ಬರೀ ಸಿಸ್ಟ್, ಅದರಲ್ಲಿ ಸದ್ಯಕ್ಕೆ ಕೀವಿಲ್ಲ.

ನಿಮ್ಮ ಗಂಡನ ಅನುಮಾನಕ್ಕೆ ನೇರವಾಗಿ ಹೇಳುತ್ತೇನೆ. ಈ ಕೀವನ್ನು ಕಲ್ಚರ್‌ಗೆ ಕಳಿಸಿದಾಗ ಹೆಚ್ಚಾಗಿ ಸಿಗುವುದು ಇ. ಕೋಲಿ. ಪ್ರತಿಯೊಬ್ಬರ ಕರುಳಿನಲ್ಲೂ ಇರುವ, ಮೂತ್ರದ ಸೋಂಕನ್ನೂ ತರುವ ಬ್ಯಾಕ್ಟೀರಿಯಾ ಅದು. ಅದರ ಜೊತೆಗೆ ಚರ್ಮದ ಮತ್ತು ಯೋನಿಯ ಇತರ ಬ್ಯಾಕ್ಟೀರಿಯಾಗಳೂ ಬೆರೆತಿರುತ್ತವೆ. ಗೊನೋರಿಯಾ ಅಥವಾ ಕ್ಲಮೀಡಿಯಾದಿಂದಲೂ ಇದು ಬರಬಹುದು, ಆದರೆ ಅದು ಕಡಿಮೆ. ಬಾರ್ಥೊಲಿನ್ ಬಾವು ಬಂದಿದೆ ಎನ್ನುವುದೊಂದನ್ನೇ ಹಿಡಿದು ಯಾರ ನಡತೆಯ ಬಗ್ಗೆಯೂ ಮಾತಾಡಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಅನುಮಾನ ಮನೆಯಲ್ಲಿ ಕೊಳೆಯುವುದಕ್ಕಿಂತ ಒಂದು ಸ್ವ್ಯಾಬ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರಿಪೋರ್ಟನ್ನು ಇಬ್ಬರೂ ಕೂತು ಡಾಕ್ಟರ ಮುಂದೆಯೇ ಓದಿ. ಅತ್ತೆಯವರಿಗೂ ಹೇಳಿ, ಇದು ಉಷ್ಣದಿಂದ ಬಂದದ್ದಲ್ಲ. ಎಳನೀರು, ಮಜ್ಜಿಗೆ ಕುಡಿಯಲಿ ಎಂದರೆ ಕುಡಿಯಿರಿ, ಒಳ್ಳೆಯದೇ. ಆದರೆ ಮುಚ್ಚಿಹೋದ ನಾಳ ಅದರಿಂದ ತೆರೆಯುವುದಿಲ್ಲ. ಶುಚಿ ಸಾಲದೆ ಬಂತು ಎನ್ನುವುದೂ ಸರಿಯಲ್ಲ. ಆ ಮಾತಿಗೆ ಹೆದರಿ ಡೆಟಾಲ್, ಸೋಪು ಹಾಕಿ ಉಜ್ಜಿ ತೊಳೆಯುವವರನ್ನು ನೋಡುತ್ತಿರುತ್ತೇನೆ. ಅದರಿಂದ ಚರ್ಮ ಉರಿದು ಇನ್ನಷ್ಟು ಊದಿಕೊಳ್ಳುತ್ತದೆ, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬರೀ ಕೊಯ್ದು ಕೀವು ತೆಗೆದಾಗ ಏನಾಗುತ್ತದೆ? ಚೀಲ ಖಾಲಿಯಾಗುತ್ತದೆ, ಅರ್ಧ ಗಂಟೆಯಲ್ಲೇ ನೋವು ಇಳಿಯುತ್ತದೆ, ರೋಗಿ ನಗುತ್ತಾ ಮನೆಗೆ ಹೋಗುತ್ತಾರೆ. ಆದರೆ ದೇಹಕ್ಕೆ ಆ ಕೊಯ್ತವೂ ಒಂದು ಗಾಯ. ಆ ಜಾಗದಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯ ಬೇಗ ಕೂಡುತ್ತದೆ. ಕೆಲವೇ ದಿನದಲ್ಲಿ ಅಂಚುಗಳು ಒಂದಕ್ಕೊಂದು ಅಂಟಿ ತೂತು ಮುಚ್ಚುತ್ತದೆ. ಕೆಳಗೆ ಗ್ರಂಥಿ ಮತ್ತೆ ಲೋಳೆ ಸುರಿಸುತ್ತದೆ, ಹಳೆಯ ಬಾಯಿ ಮೊದಲೇ ಮುಚ್ಚಿದೆ, ಹೊಸ ಬಾಯಿಯೂ ಹೋಯಿತು. ಸೂಜಿ ಚುಚ್ಚಿ ನೀರು ಎಳೆದು ತೆಗೆದರೂ ಇದೇ ಗತಿ.

ಹಾಗಾಗಿ ಮರುಕಳಿಸದ ಹಾಗೆ ಮಾಡುವ ಎಲ್ಲ ಚಿಕಿತ್ಸೆಗಳ ಗುರಿಯೂ ಒಂದೇ: ಲೋಳೆ ಹೊರಬರಲು ಮುಚ್ಚಿಕೊಳ್ಳದ ಹೊಸ ಬಾಯಿಯೊಂದನ್ನು ಮಾಡಿಕೊಡುವುದು. ಮಗುವಿಗೆ ಕಿವಿ ಚುಚ್ಚಿಸಿದ್ದನ್ನು ನೆನಪು ಮಾಡಿಕೊಳ್ಳಿ. ಚುಚ್ಚಿದ ದಿನವೇ ಓಲೆ ತೆಗೆದರೆ ತೂತು ಮುಚ್ಚಿಹೋಗುತ್ತದೆ. ಕೆಲವು ವಾರ ಹಾಗೇ ಬಿಟ್ಟರೆ ತೂತಿನ ಒಳಗೋಡೆಗೆ ಚರ್ಮ ಹಾಸಿಕೊಂಡು, ಆಮೇಲೆ ಓಲೆ ತೆಗೆದರೂ ತೂತು ಉಳಿಯುತ್ತದೆ. ಇಲ್ಲಿಯೂ ಅಷ್ಟೇ. ಕೊಯ್ತದ ಅಂಚುಗಳು ಒಂದನ್ನೊಂದು ಮುಟ್ಟದಂತೆ, ಅವುಗಳ ಮೇಲೆ ಹೊಸ ಚರ್ಮ ಹಾಸುವವರೆಗೆ ದೂರ ಇಡಬೇಕು. ಇದಕ್ಕೆ ಎರಡು ದಾರಿಗಳಿವೆ. ಒಂದು, ಬಾಯಲ್ಲಿ ಏನಾದರೂ ಇಟ್ಟು ಬಿಡುವುದು. ಇನ್ನೊಂದು, ಅಂಚನ್ನು ಹೊರಕ್ಕೆ ಮಡಚಿ ಹೊಲಿದುಬಿಡುವುದು.

ಮೊದಲನೆಯದು ವರ್ಡ್ ಕ್ಯಾಥೆಟರ್. ಅಮೆರಿಕದ ವೈದ್ಯ ಬ್ಯುಫೋರ್ಡ್ ವರ್ಡ್ 1960ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಎರಡೂವರೆ ಸೆಂಟಿಮೀಟರ್‌ನಷ್ಟು ಉದ್ದದ ಸಣ್ಣ ರಬ್ಬರ್ ಕೊಳವೆ, ಅದರ ತುದಿಯಲ್ಲಿ 3 ಮಿಲಿಲೀಟರ್ ನೀರು ಹಿಡಿಯುವ ಪುಟ್ಟ ಬಲೂನು. ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಬದಿಯಲ್ಲಿ 3 ರಿಂದ 5 ಮಿಲಿಮೀಟರ್ ಚುಚ್ಚುಗಾಯ ಮಾಡಿ, ಒಳಗಿನದನ್ನು ಹೊರಬಿಟ್ಟು, ಕೊಳವೆ ತೂರಿಸಿ ಬಲೂನು ತುಂಬಿಸುತ್ತಾರೆ. ಓಪಿಡಿಯಲ್ಲೇ ಮುಗಿಯುತ್ತದೆ. ಕೊಳವೆ 4 ರಿಂದ 6 ವಾರ ಅಲ್ಲೇ ಇರಬೇಕು.

ಕೇಳಲು ಸುಲಭ, ಆದರೆ ಕೈ ತಪ್ಪುವ ಜಾಗಗಳಿವೆ. ಕೊಯ್ತ ದೊಡ್ಡದಾದರೆ ಬಲೂನು ಕೆಲವೇ ದಿನದಲ್ಲಿ ಜಾರಿ ಬೀಳುತ್ತದೆ, ಆಗ ಮಾಡಿದ್ದು ಬರೀ ಕೊಯ್ತವೇ ಆಯಿತು. ಇನ್ನೊಂದು ತಪ್ಪು ಹೊರಗೆ ಕಾಣುವುದೇ ಇಲ್ಲ. ಕೀವು ಹೊರಟೊಡನೆ ಚೀಲ ಕುಸಿದು ಮುದುಡುತ್ತದೆ. ಅದಕ್ಕೆ ಮೊದಲೇ ಗೋಡೆಯನ್ನು ಚಿಮಟದಿಂದ ಹಿಡಿದುಕೊಂಡಿರದಿದ್ದರೆ ಕೊಳವೆ ಚೀಲದೊಳಗೆ ಹೋಗದೆ ಚೀಲಕ್ಕೂ ಮೇಲ್ಪದರಕ್ಕೂ ನಡುವೆ ಸುಳ್ಳು ದಾರಿ ಮಾಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ ಅನಿಸುತ್ತದೆ, ಒಳಗೆ ಚೀಲ ಮುಚ್ಚಿಕೊಂಡೇ ಇರುತ್ತದೆ. ಹಾಕಿದ ಮೇಲೆ ಒತ್ತಡದ ನೋವು ಹಾಗೇ ಉಳಿದರೆ ಬಲೂನು ಹೆಚ್ಚು ತುಂಬಿದೆ ಎಂದರ್ಥ. ಸ್ವಲ್ಪ ನೀರು ಹೊರತೆಗೆದರೆ ಸರಿಹೋಗುತ್ತದೆ. ರಬ್ಬರ್ ಅಲರ್ಜಿ ಇರುವವರು ಮೊದಲೇ ಹೇಳಬೇಕು.

ಈ ಕ್ಯಾಥೆಟರ್ ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಕೈಗೆ ಸಿಗುವುದಿಲ್ಲ. ಸಿಗದ ಕಡೆ ಮಕ್ಕಳಿಗೆ ಮೂತ್ರ ಹೊರತೆಗೆಯಲು ಬಳಸುವ ತೆಳುವಾದ ಫೋಲಿ ಕ್ಯಾಥೆಟರನ್ನು ಇದೇ ಕೆಲಸಕ್ಕೆ ಹಾಕುತ್ತಾರೆ. ಅದರ ಉದ್ದನೆಯ ಬಾಲ ಕಾಲಸಂದಿಯಲ್ಲಿ ತೊಡಕಾಗುವುದು ನಿಜ, ಆದರೂ ಬರೀ ಕೊಯ್ತಕ್ಕಿಂತ ಅದು ಮೇಲು.

ಎರಡನೆಯ ದಾರಿ ನಿಮಗೆ ಹೇಳಿರುವ ಮಾರ್ಸುಪಿಯಲೈಸೇಷನ್. ಹೆಸರು ಉದ್ದ, ಕೆಲಸ ಸಣ್ಣದು. ನಿಮ್ಮ ಗಂಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ದೊಡ್ಡ ನೆಲ್ಲಿಕಾಯಿಯಷ್ಟು ಅಂದರೆ ಹೆಚ್ಚುಕಡಿಮೆ 3 ಸೆಂಟಿಮೀಟರ್ ಇರಬಹುದು.

ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂಥ ಆಪರೇಷನ್ ಇದು. ಸಿಸ್ಟ್ ನೋವಿಲ್ಲದೆ ಇರುವಾಗ ಲೋಕಲ್ ಇಂಜೆಕ್ಷನ್‌ನಲ್ಲೇ ಮಾಡಬಹುದು. ಕೀವಾಗಿರುವಾಗ ಆ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಊದಿದ ಜಾಗದ ಆಮ್ಲೀಯತೆ ಅದರ ಕೆಲಸವನ್ನು ತಗ್ಗಿಸುತ್ತದೆ. ಅದಕ್ಕೇ ಅಂಥ ಸಂದರ್ಭದಲ್ಲಿ ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಕಳೆದ ಸಲ ಕೊಯ್ಯುವಾಗ ಪ್ರಾಣ ಹೋಗುವಷ್ಟು ನೋವಾಗಿತ್ತು ಎನ್ನುವವರು ಬಹಳ. ನಿಮಗೂ ಹಾಗಾಗಿದ್ದರೆ ಅದು ನಿಮ್ಮ ಸಹನೆಯ ಕೊರತೆಯಲ್ಲ, ಮದ್ದು ಹತ್ತಿರಲಿಲ್ಲ, ಅಷ್ಟೇ. ಈ ಸಲ ಡಾಕ್ಟರಿಗೆ ಅದನ್ನು ಮುಂಚೆಯೇ ಹೇಳಿ.

ಒಳತುಟಿಯನ್ನು ಸರಿಸಿ, ಗಂಟಿನ ಒಳಬದಿಯಲ್ಲಿ, ಕನ್ಯಾಪೊರೆಯ ಅಂಚಿಗೆ ಸ್ವಲ್ಪ ಹೊರಗೆ, ಮೇಲಿಂದ ಕೆಳಕ್ಕೆ ಸುಮಾರು 2 ಸೆಂಟಿಮೀಟರ್ ಕೊಯ್ಯುತ್ತಾರೆ. ಈ ಜಾಗ ಬಹಳ ಮುಖ್ಯ. ಮೂಲ ನಾಳ ತೆರೆಯುತ್ತಿದ್ದುದು ಇಲ್ಲೇ, ಹೊಸ ಬಾಯಿಯೂ ಇಲ್ಲೇ ಆಗಬೇಕು. ಗಂಟು ಹೊರಕ್ಕೆ ಉಬ್ಬಿ ಕಾಣುತ್ತದೆಂದು ಹೊರತುಟಿಯ ಚರ್ಮದ ಮೇಲೆ ಕೊಯ್ದರೆ ಕಲೆ ಉಳಿಯುತ್ತದೆ, ಕೆಲವೊಮ್ಮೆ ಹೊರಗಡೆಯೇ ಲೋಳೆ ಒಸರುವ ತೂತು ಉಳಿದುಬಿಡುತ್ತದೆ. ನಿಮ್ಮ ಹಿಂದಿನ ಎರಡು ಕೊಯ್ತಗಳ ಗುರುತು ಎಲ್ಲಿದೆ ಎಂದು ಡಾಕ್ಟರು ನೋಡುತ್ತಾರೆ, ನೀವೂ ಕೇಳಿ ತಿಳಿದುಕೊಳ್ಳಿ.

ಮೊದಲು ಮೇಲ್ಪದರ, ಆಮೇಲೆ ಚೀಲದ ಗೋಡೆ, ಹೀಗೆ ಎರಡನ್ನೂ ಕೊಯ್ಯಬೇಕು. ಒಳಗಿನ ಲೋಳೆ ತಿಳಿಯಾಗಿಯೂ ಇರಬಹುದು, ಹಳೆಯದಾಗಿದ್ದರೆ ಕಂದು ಬಣ್ಣಕ್ಕೂ ತಿರುಗಿರಬಹುದು. ಎರಡು ಸಲ ಕೀವಾಗಿ ವಾಸಿಯಾದ ಚೀಲದೊಳಗೆ ಅಡ್ಡಗೋಡೆಗಳು ಬೆಳೆದು ಪುಟ್ಟ ಪುಟ್ಟ ಕೋಣೆಗಳಾಗಿರುವ ಸಾಧ್ಯತೆ ಇದೆ. ಒಂದೇ ಕೋಣೆ ಖಾಲಿ ಮಾಡಿ ನಿಲ್ಲಿಸಿದರೆ ಪಕ್ಕದ ಕೋಣೆಯಿಂದ ಬಾವು ಮತ್ತೆ ಏಳುತ್ತದೆ. ಆದ್ದರಿಂದ ಬೆರಳಿನಿಂದಲೋ ಫೋರ್ಸೆಪ್ಸ್‌ನಿಂದಲೋ ಒಳಗೆಲ್ಲ ತಡಕಿ ಗೋಡೆಗಳನ್ನು ಒಡೆದು, ಸಲೈನ್‌ನಲ್ಲಿ ತೊಳೆಯುತ್ತಾರೆ. ಮೂರನೆಯ ಸಲ ಬಂದ ನಿಮ್ಮಂಥವರಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಈ ಹಂತಕ್ಕೆ.

ಆಮೇಲೆ ಹೊಲಿಗೆ. ಚೀಲದ ಗೋಡೆಯ ಅಂಚನ್ನು ಹಿಡಿದು ಹೊರಕ್ಕೆ ಮಡಚಿ, ಅದನ್ನು ಸುತ್ತಲಿನ ಮೇಲ್ಪದರದ ಅಂಚಿಗೆ ಬಿಡಿಬಿಡಿಯಾಗಿ ಹೊಲಿಯುತ್ತಾರೆ. ತಾನಾಗಿ ಕರಗುವ ದಾರ, 2-0 ಅಥವಾ 3-0 ಅಳತೆಯದು, ತೆಗೆಸಲು ಮತ್ತೆ ಬರಬೇಕಾಗಿಲ್ಲ. ಚೀಲದ ಒಳಮೈ ಈಗ ಹೊರಗಿನ ಪದರದ ಜೊತೆ ಒಂದಾಗಿದೆ, ಎರಡು ಹಸಿ ಅಂಚುಗಳು ಪರಸ್ಪರ ಅಂಟಿಕೊಳ್ಳಲು ಅವಕಾಶವೇ ಇಲ್ಲ. ರಕ್ತ ಜಿನುಗುತ್ತಿದ್ದರೆ ಒಂದು ದಿನಕ್ಕೆ ಗಾಜ್ ಪಟ್ಟಿ ಇಡುತ್ತಾರೆ. ಅದನ್ನು ಯಾವಾಗ ತೆಗೆಸಬೇಕೆಂದು ಕೇಳದೆ ಮನೆಗೆ ಹೋಗಬೇಡಿ.

ಕೊಯ್ತ 2 ಸೆಂಟಿಮೀಟರ್ ಯಾಕೆ, ಚಿಕ್ಕದು ಸಾಲದೇ ಎಂದು ಕೇಳುವವರಿದ್ದಾರೆ. ವಾರಗಳು ಕಳೆದಂತೆ ಆ ಬಾಯಿ ಕುಗ್ಗುತ್ತಾ ಬಂದು ಕೊನೆಗೆ ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ತೂತಾಗುತ್ತದೆ. ಮೊದಲೇ ಚಿಕ್ಕದಾಗಿ ಮಾಡಿದ ಬಾಯಿ ಕುಗ್ಗಿ ಪೂರ್ತಿ ಮುಚ್ಚಿಬಿಡುತ್ತದೆ. ಮಾರ್ಸುಪಿಯಲೈಸೇಷನ್ ಆದ ಮೇಲೂ ಮರುಕಳಿಸಿದವರಲ್ಲಿ ಬಾಯಿ ಚಿಕ್ಕದಾಗಿತ್ತೇ, ಒಡೆಯದ ಕೋಣೆ ಉಳಿದಿತ್ತೇ ಎಂದೇ ನಾನು ಮೊದಲು ಹುಡುಕುವುದು. ಇನ್ನೊಂದು ಕಾರಣವೂ ಉಂಟು. ಕೀವು ತುಂಬಿದ ಹೊತ್ತಿನಲ್ಲಿ ಚೀಲದ ಗೋಡೆ ಮೆತ್ತಗಾಗಿ ದಾರ ಹಿಡಿಯದೆ ಹರಿದುಕೊಳ್ಳುತ್ತದೆ. ಕೀವಿದ್ದಾಗಲೂ ಮಾರ್ಸುಪಿಯಲೈಸೇಷನ್ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಈಗಿನಂತೆ ಗಂಟು ಶಾಂತವಾಗಿದ್ದಾಗ ಮಾಡಿದ ಹೊಲಿಗೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಹೇಳುತ್ತೇನೆ, ನೋವಿಲ್ಲವಲ್ಲ ಎಂದು ಮುಂದೂಡಬೇಡಿ. ನಿಮ್ಮ ವಿಷಯದಲ್ಲಿ ಇದೇ ಸರಿಯಾದ ಸಮಯ.

ಎರಡರಲ್ಲಿ ಯಾವುದು ಮೇಲು? ನೆದರ್‌ಲ್ಯಾಂಡ್ಸ್ ಮತ್ತು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 161 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ವರ್ಡ್ ಕ್ಯಾಥೆಟರ್, ಇನ್ನೊಂದಕ್ಕೆ ಮಾರ್ಸುಪಿಯಲೈಸೇಷನ್ ಮಾಡಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮರುಕಳಿಸಿದ್ದು ಕ್ಯಾಥೆಟರ್ ಗುಂಪಿನಲ್ಲಿ ಶೇ. 12, ಮಾರ್ಸುಪಿಯಲೈಸೇಷನ್ ಗುಂಪಿನಲ್ಲಿ ಶೇ. 10. ಅಂದರೆ ಹೆಚ್ಚು ವ್ಯತ್ಯಾಸವಿಲ್ಲ. ಮೊದಲ ದಿನ ನೋವಿನ ಮಾತ್ರೆ ಬೇಕಾದವರು ಮಾತ್ರ ಕ್ಯಾಥೆಟರ್ ಗುಂಪಿನಲ್ಲಿ ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಡಿಮೆ. ಈ ಅಂಕಿಗಳಿಂದ ನಿಮಗೆ ಎರಡು ಮಾತು ತಿಳಿಯಲಿ. ಯಾವುದನ್ನೇ ಮಾಡಿಸಿದರೂ ಹತ್ತರಲ್ಲಿ ಒಬ್ಬರಿಗೆ ಮತ್ತೆ ಬರಬಹುದು, ಪೂರ್ತಿ ಗ್ಯಾರಂಟಿ ಕೊಡುವವರ ಮಾತು ನಂಬಬೇಡಿ. ಹಾಗೆಯೇ, ನಿಮ್ಮ ಊರಿನಲ್ಲಿ ಯಾವುದು ಚೆನ್ನಾಗಿ ಮಾಡುವ ಕೈ ಸಿಗುತ್ತದೋ ಅದನ್ನೇ ಮಾಡಿಸುವುದು ಸರಿ. ನನ್ನನ್ನು ಕೇಳಿದರೆ, ಮೊದಲ ಸಲ ಕೀವಾಗಿ ರಾತ್ರೋರಾತ್ರಿ ಬಂದವರಿಗೆ ಕ್ಯಾಥೆಟರ್ ಒಳ್ಳೆಯದು. ಎರಡು ಸಲ ಬಂದುಹೋಗಿ ಈಗ ಶಾಂತವಾಗಿರುವ ಸಿಸ್ಟಿಗೆ, ಅದರಲ್ಲೂ ಒಳಗೆ ಕೋಣೆಗಳಿರಬಹುದು ಎನ್ನುವಾಗ, ಮಾರ್ಸುಪಿಯಲೈಸೇಷನ್.

ಗ್ರಂಥಿಯನ್ನೇ ತೆಗೆಸುವ ಮಾತು ನಿಮ್ಮ ಹಂತಕ್ಕೆ ಬಹಳ ಬೇಗ ಆಯಿತು ಎಂದು ನನ್ನ ಅಭಿಪ್ರಾಯ. ಅಡಚಣೆ ಇರುವುದು ನಾಳದ ಬಾಯಿಯಲ್ಲಿ, ಕೆಲಸ ಮಾಡುವ ಗ್ರಂಥಿಯನ್ನು ಅದಕ್ಕಾಗಿ ಕಳೆದುಕೊಳ್ಳಬೇಕಿಲ್ಲ. ಜೊತೆಗೆ ಆ ಗ್ರಂಥಿಯ ಆಳದಲ್ಲಿ ರಕ್ತನಾಳಗಳ ದಟ್ಟ ಜಾಲವಿದೆ. ಹಿಂದೆ ಕೀವಾಗಿದ್ದ ಜಾಗದಲ್ಲಿ ಎಲ್ಲವೂ ಅಂಟಿಕೊಂಡಿದ್ದು, ಬಿಡಿಸುವಾಗ ನಿರೀಕ್ಷೆಗಿಂತ ಹೆಚ್ಚು ರಕ್ತ ಹೋಗುವುದು, ಆಮೇಲೆ ರಕ್ತ ಹೆಪ್ಪುಗಟ್ಟಿ ಊದುವುದು, ಕಲೆ ಬಿಗಿದು ಸಂಭೋಗದಲ್ಲಿ ನೋವು ಉಳಿಯುವುದು ಇವೆಲ್ಲ ಅದರ ಅಪಾಯಗಳು. ಒಂದು ಮಾರ್ಸುಪಿಯಲೈಸೇಷನನ್ನೂ ಮಾಡಿಸದೆ ನೇರವಾಗಿ ಅಲ್ಲಿಗೆ ಹೋಗಬೇಡಿ. ಸರಿಯಾಗಿ ಮಾಡಿದ ಮೇಲೂ ಮತ್ತೆ ಮತ್ತೆ ಬಂದರೆ ಆಗ ಯೋಚಿಸೋಣ. ಆಗಲೂ ಕೀವಿಲ್ಲದ ಸಮಯದಲ್ಲಿ, ರಕ್ತ ನಿಲ್ಲಿಸುವ ಸೌಕರ್ಯವಿರುವ ಓಟಿಯಲ್ಲೇ ಆಗಬೇಕು.

ಇದಕ್ಕೆ ಒಂದು ಹೊರತು ಇದೆ, ಅದು ನಿಮಗೆ ಅನ್ವಯಿಸುವುದಿಲ್ಲ, ಆದರೆ ಇದನ್ನು ಓದುವ ಹಿರಿಯ ಹೆಂಗಸರಿಗೆ ಬೇಕು. 40 ದಾಟಿದ ಮೇಲೆ, ಮುಖ್ಯವಾಗಿ ಮುಟ್ಟು ನಿಂತ ಮೇಲೆ, ಈ ಜಾಗದಲ್ಲಿ ಹೊಸದಾಗಿ ಗಂಟು ಬಂದರೆ ಅದನ್ನು ಬರೀ ಸಿಸ್ಟ್ ಎಂದು ಕೊಯ್ದು ಬಿಡಬಾರದು. ಆ ವಯಸ್ಸಿಗೆ ಗ್ರಂಥಿ ಸಣ್ಣಗಾಗಿರುತ್ತದೆ, ಊದಲು ಕಾರಣ ಕಡಿಮೆ. ಅಪರೂಪವಾದರೂ ಈ ಗ್ರಂಥಿಗೆ ಕ್ಯಾನ್ಸರ್ ಬರುತ್ತದೆ. ಗಂಟು ಗಟ್ಟಿಯಾಗಿದ್ದರೆ, ಕೆಳಗಿನ ಅಂಗಾಂಶಕ್ಕೆ ಅಂಟಿಕೊಂಡು ಅಲುಗಾಡದಿದ್ದರೆ, ಒಳಗೆ ನೀರಿಲ್ಲದೆ ಮಾಂಸದಂತಿದ್ದರೆ ಬಯಾಪ್ಸಿ ಕಡ್ಡಾಯ.

ಆಪರೇಷನ್‌ಗೆ ಮುಂಚೆ ನಿಮ್ಮ ವಿಷಯದಲ್ಲಿ ಇನ್ನೆರಡು ನೋಡಬೇಕು. ಒಂದು, ಇದು ನಿಜವಾಗಿ ಬಾರ್ಥೊಲಿನ್ ಸಿಸ್ಟೇ? ಹೆರಿಗೆಯ ಹೊಲಿಗೆಯ ಗೆರೆಯ ಮೇಲೆಯೇ ಗಂಟಿದ್ದರೆ ಅದು ಹೊಲಿಗೆಯೊಳಗೆ ಸಿಕ್ಕಿಕೊಂಡ ಚರ್ಮದಿಂದಾದ ಬೇರೆ ಸಿಸ್ಟ್ ಇರಬಹುದು, ಅದಕ್ಕೆ ಹೊಸ ಬಾಯಿ ಬೇಡ, ಪೂರ್ತಿ ತೆಗೆದರೆ ಮುಗಿಯಿತು. ಮೂತ್ರದ್ವಾರದ ಹತ್ತಿರವಿದ್ದರೆ ಅದೂ ಬೇರೆ. ನೀವು ಹೇಳುವ ಜಾಗ, ಎರಡು ಸಲ ಕೀವಾದ ಕ್ರಮ ನೋಡಿದರೆ ಬಾರ್ಥೊಲಿನ್ ಎಂದೇ ಅನಿಸುತ್ತದೆ, ಆದರೆ ಪರೀಕ್ಷೆ ಮಾಡಿ ನೋಡದೆ ಖಚಿತ ಹೇಳಲಾಗದು. ಎರಡು, ರಕ್ತದ ಸಕ್ಕರೆ. ಮತ್ತೆ ಮತ್ತೆ ಕೀವಾಗುವ ಯಾರಿಗೇ ಆಗಲಿ ಶುಗರ್ ಪರೀಕ್ಷೆ ಮಾಡಿಸುತ್ತೇನೆ.

ಆ್ಯಂಟಿಬಯಾಟಿಕ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮೆಡಿಕಲ್ ಶಾಪಿನಿಂದ ಒಂದು ಕೋರ್ಸು ತಂದು ನುಂಗಿ ಕಾಯುವುದು ನಮ್ಮಲ್ಲಿ ಬಹಳ. ಬರೀ ಸಿಸ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಚೀಲದೊಳಗೆ ಕೀವು ಕಟ್ಟಿದ ಮೇಲೆ ಔಷಧ ಒಳಗೆ ಸರಿಯಾಗಿ ತಲುಪದು, ಕೀವು ಹೊರಬರಲೇಬೇಕು. ಕೀವು ಚೆನ್ನಾಗಿ ಹೊರಬಂದರೆ ಎಷ್ಟೋ ಮಂದಿಗೆ ಆ್ಯಂಟಿಬಯಾಟಿಕ್ ಬೇಕಾಗುವುದೇ ಇಲ್ಲ. ಸುತ್ತಲ ಚರ್ಮಕ್ಕೆ ಕೆಂಪು ಹರಡಿದ್ದರೆ, ಜ್ವರವಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಕೊಡುತ್ತೇವೆ, ಯಾವುದು ಎನ್ನುವುದನ್ನು ಕಲ್ಚರ್ ರಿಪೋರ್ಟ್ ನೋಡಿ ತಿದ್ದಿಕೊಳ್ಳುತ್ತೇವೆ.

ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಮಾರನೆಯ ದಿನದಿಂದ ಅಗಲವಾದ ಟಬ್ಬಿನಲ್ಲಿ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ 10 ರಿಂದ 15 ನಿಮಿಷ ಕೂತುಕೊಳ್ಳಿ. ಅರಿಶಿನ, ಉಪ್ಪು, ಡೆಟಾಲ್ ಏನೂ ಬೇಡ. ಆಮೇಲೆ ಒತ್ತಿ ಉಜ್ಜದೆ ಮೆತ್ತನೆ ಬಟ್ಟೆಯಿಂದ ನೀರು ಹೀರಿಸಿ. ಕೆಲವು ದಿನ ತೆಳು ರಕ್ತ ಬೆರೆತ ನೀರು, ಲೋಳೆ ಹೋಗುತ್ತದೆ, ಪ್ಯಾಡ್ ಇಟ್ಟುಕೊಳ್ಳಿ. ಅದು ಹೊರಬರುತ್ತಿದೆ ಎಂದರೆ ಬಾಯಿ ತೆರೆದಿದೆ ಎಂದೇ ಅರ್ಥ. ಸಂಭೋಗ ಸುಮಾರು 4 ವಾರ ಬೇಡ, ಡಾಕ್ಟರು ನೋಡಿ ಗಾಯ ಆರಿದೆ ಎಂದ ಮೇಲೆ ಆಗಬಹುದು. ಮುಂದೆ ಗರ್ಭ ಧರಿಸಲು, ಸಹಜ ಹೆರಿಗೆಗೆ ಇದರಿಂದ ಅಡ್ಡಿಯಿಲ್ಲ. ಎರಡನೆಯ ವಾರದಲ್ಲಿ ಸ್ರಾವ ಏಕಾಏಕಿ ನಿಂತು ಗಂಟು ಮತ್ತೆ ಏಳುತ್ತಿರುವಂತೆ ಅನಿಸಿದರೆ ಕೂಡಲೇ ತೋರಿಸಿ. ಆ ಹಂತದಲ್ಲಿ ಅಂಟಿಕೊಂಡ ಅಂಚನ್ನು ಓಪಿಡಿಯಲ್ಲೇ ಬಿಡಿಸಬಹುದು, ಒಂದೆರಡು ತಿಂಗಳು ಬಿಟ್ಟರೆ ಮತ್ತೆ ಆಪರೇಷನ್ನೇ ಗತಿ.

ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸಂದರ್ಭವೂ ಒಂದಿದೆ. ಕಣ್ಣಿಗೆ ಕಾಣುವ ಊತಕ್ಕಿಂತ ನೋವು ಬಹಳ ಹೆಚ್ಚಿದ್ದು, ಕೆಂಪು ಗಂಟೆಗಂಟೆಗೂ ತೊಡೆಗೋ ಪೃಷ್ಠಕ್ಕೋ ಹರಡುತ್ತಾ ಚರ್ಮ ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ, ಚಳಿಜ್ವರದಲ್ಲಿ ನಡುಗುತ್ತಿದ್ದರೆ, ಅದು ಚರ್ಮದಡಿಯ ಪದರವನ್ನೇ ಕೊಳೆಸುವ ಸೋಂಕಾಗಿರಬಹುದು. ಇದು ಅಪರೂಪ. ಆದರೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ನಾವು ಹೆಚ್ಚು ಹೆದರುವುದು ಇದಕ್ಕೇ, ಬೆಳಗಾಗಲಿ ಎಂದು ಕಾಯುವಂಥದ್ದಲ್ಲ.

ಕೊನೆಯದಾಗಿ, ಆಪರೇಷನ್ ದಿನ ಗೊತ್ತುಮಾಡಿದ ಮೇಲೆ ಅಷ್ಟರೊಳಗೇ ಗಂಟು ಮತ್ತೆ ಕೀವಾದರೆ ಏನು ಮಾಡಬೇಕು? ಹಿಂಡಬೇಡಿ, ಸೂಜಿಯಿಂದ ಚುಚ್ಚಬೇಡಿ. ತಾನಾಗಿ ಒಡೆದು ಕೀವು ಹೋದರೆ ಬೆಚ್ಚಗಿನ ನೀರಿನಲ್ಲಿ ಕೂರುವುದನ್ನು ಶುರುಮಾಡಿ, ಆದರೂ ಡಾಕ್ಟರಿಗೆ ತೋರಿಸಿ, ಯಾಕೆಂದರೆ ಹಾಗೆ ಒಡೆದ ಬಾಯಿಯೂ ಮುಚ್ಚಿಕೊಳ್ಳುತ್ತದೆ. ಒಡೆಯದಿದ್ದರೆ ಆಸ್ಪತ್ರೆಗೆ ಹೋಗಿ ಡ್ಯೂಟಿ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ: "ಇದು ಮೂರನೆಯ ಸಲ, ಎಡಗಡೆ, ಹಿಂದೆ ಎರಡು ಸಲ ಬರೀ ಕೊಯ್ದು ಬಿಟ್ಟಿದ್ದಾರೆ. ಕ್ಯಾಥೆಟರ್ ಹಾಕಲು ಆಗುತ್ತದೆಯೇ, ಇಲ್ಲವೇ ಮಾರ್ಸುಪಿಯಲೈಸೇಷನ್ ಮಾಡುತ್ತೀರಾ?" ಹಳೆಯ ಚೀಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ರಾತ್ರಿ ಪಾಳಿಯಲ್ಲಿ ಎರಡೂ ಆಗದಿದ್ದರೆ ಆ ಹೊತ್ತಿಗೆ ಕೀವು ತೆಗೆಸಿಕೊಳ್ಳಿ, ನೋವು ತಡೆದುಕೊಂಡು ಕೂರಬೇಡಿ. ಆದರೆ ಕೀವನ್ನು ಕಲ್ಚರ್‌ಗೆ ಕಳಿಸಲು ಹೇಳಿ, ಗಂಟು ಮತ್ತೆ ತುಂಬುವವರೆಗೆ ಕಾಯದೆ ಒಂದು ವಾರದೊಳಗೇ ಸ್ತ್ರೀರೋಗ ತಜ್ಞರನ್ನು ಕಂಡು ಮುಂದಿನ ಯೋಜನೆ ಮಾಡಿಕೊಳ್ಳಿ.